ಯೀಸ್ಟ್ ನೆನೆಸುವ ನೀರು ಎಷ್ಟು ಬಿಸಿ ಇರಬೇಕು: ನನ್ನ ಅನುಭವ

ಮನೆಯಲ್ಲಿ ಬ್ರೆಡ್ ಮಾಡುವವರು ನನ್ನ ಹತ್ತಿರ ಬಂದು ಹಿಟ್ಟು ಉಬ್ಬಲಿಲ್ಲ ಅಂದಾಗ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಯೀಸ್ಟ್ ನೆನೆಸಿದ ಬಟ್ಟಲಲ್ಲಿ ನೊರೆ ಬಂತಾ, ಇಲ್ವಾ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ನೊರೆ ಬರದಿದ್ದರೆ ತಪ್ಪು ನೀರಿನಲ್ಲಿದೆ ಅಥವಾ ಯೀಸ್ಟಿನಲ್ಲಿದೆ. ನೊರೆ ಚೆನ್ನಾಗಿ ಬಂದೂ ಹಿಟ್ಟು ಉಬ್ಬದಿದ್ದರೆ ಯೀಸ್ಟನ್ನು ಬಿಟ್ಟು ಬೇರೆ ಕಡೆ ಹುಡುಕಬೇಕು.

ನಾನು ಹೇಳುತ್ತಿರುವುದು ಆಕ್ಟಿವ್ ಡ್ರೈ ಯೀಸ್ಟ್ ವಿಷಯ. ಸಣ್ಣ ಗುಂಡು ಗುಂಡು ಕಾಳಿನ ಹಾಗಿರುತ್ತದೆ. ಇನ್‌ಸ್ಟಂಟ್ ಯೀಸ್ಟ್ ಇದಕ್ಕಿಂತ ನುಣುಪು, ಅದನ್ನು ನೆನೆಸುವ ಅಗತ್ಯ ಇಲ್ಲ, ಒಣ ಹಿಟ್ಟಿಗೇ ಬೆರೆಸಬಹುದು. ಪ್ಯಾಕೆಟ್ ಮೇಲೆ ಯಾವುದು ಅಂತ ಬರೆದಿರುತ್ತದೆ, ಅದನ್ನು ಮೊದಲು ಓದಿ.

ಆಕ್ಟಿವ್ ಡ್ರೈ ಯೀಸ್ಟಿನ ಪ್ರತಿ ಕಾಳಿನ ಹೊರಗೆ ಒಣಗಿಸುವಾಗ ಸತ್ತುಹೋದ ಯೀಸ್ಟಿನ ಒಂದು ಪದರ ಇರುತ್ತದೆ. ಜೀವ ಇರುವುದು ಒಳಗೆ. ನೆನೆಸುವುದು ಆ ಹೊರಪದರ ಕರಗಿ, ಒಳಗಿರುವುದಕ್ಕೆ ನೀರು ಸಿಗಲಿ ಅಂತ. ಒಣಗಿ ಸುಕ್ಕಾಗಿರುವ ಆ ಜೀವಕೋಶಗಳು ನೀರು ಹೀರಿಕೊಳ್ಳುವ ಮೊದಲ ಕೆಲವು ನಿಮಿಷ ತುಂಬಾ ಸೂಕ್ಷ್ಮ. ಆಗ ನೀರಿನ ಬಿಸಿ ಎಷ್ಟಿದೆ ಅನ್ನುವುದು ನಿಜಕ್ಕೂ ಮುಖ್ಯ.

40ರಿಂದ 43 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದರೆ ಸರಿ. ಜಾಸ್ತಿ ಬಿಸಿಯಾದರೆ ಯೀಸ್ಟ್ ಸಾಯುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. 50 ದಾಟಿದರೆ ಅದಕ್ಕೆ ಪೆಟ್ಟು ಬೀಳುತ್ತದೆ, 60ಕ್ಕೆ ಬಂದರೆ ಕಥೆ ಮುಗಿಯಿತು. ಆದರೆ ತಣ್ಣೀರೂ ಕೆಡಿಸುತ್ತದೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಒಣ ಯೀಸ್ಟನ್ನು ತಣ್ಣೀರಿಗೆ ಹಾಕಿದರೆ ಕೋಶದ ಹೊರಪೊರೆ ಸರಿಯಾಗಿ ಕೂಡಿಕೊಳ್ಳುವ ಮೊದಲೇ ಒಳಗಿನ ಸಾರ ನೀರಿಗೆ ಸೋರಿಹೋಗುತ್ತದೆ. ಹಾಗೆ ಸೋರುವುದರಲ್ಲಿ ಗ್ಲುಟಾಥಯೋನ್ ಅನ್ನುವ ಪದಾರ್ಥವೂ ಒಂದು. ಅದು ಹಿಟ್ಟಿನ ಗ್ಲುಟೆನ್ ಹಿಡಿತವನ್ನು ಸಡಿಲ ಮಾಡುತ್ತದೆ. ಹಾಗಾಗಿ ನಷ್ಟ ಎರಡು ಕಡೆ: ಯೀಸ್ಟ್ ನಿತ್ರಾಣವಾಗುತ್ತದೆ, ಹಿಟ್ಟು ಜೋಲು ಬೀಳುತ್ತದೆ. ಎಷ್ಟು ನಾದಿದರೂ ಕೈಗೆ ಅಂಟುತ್ತಲೇ ಇರುವ, ಅಗಲಕ್ಕೆ ಹರಡುವ ಹಿಟ್ಟು ಕಂಡರೆ ನಾನು ಯೀಸ್ಟನ್ನು ಯಾವ ನೀರಿನಲ್ಲಿ ನೆನೆಸಿದ್ದೀರಿ ಅಂತ ಕೇಳುತ್ತೇನೆ. ನಲ್ಲಿ ನೀರು ಸಾಕು ಅಂತ ಬಿಟ್ಟವರು ಸುಮಾರು ಜನ ಇರುತ್ತಾರೆ.

ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ನಾನು ಅಳತೆಯಿಂದಲೇ ನೀರು ಮಾಡಿಕೊಳ್ಳುತ್ತೇನೆ. ಒಂದು ಪಾಲು ಕುದಿಯುವ ನೀರು, ಮೂರು ಪಾಲು ಸಾಮಾನ್ಯ ನೀರು. ಸಾಮಾನ್ಯ ನೀರು 25 ಡಿಗ್ರಿ ಇದ್ದರೆ ಲೆಕ್ಕಕ್ಕೆ ಸುಮಾರು 44 ಬರುತ್ತದೆ. ಪಾತ್ರೆಯೂ ಸ್ವಲ್ಪ ಬಿಸಿ ಎಳೆದುಕೊಳ್ಳುವುದರಿಂದ ನಿಜವಾಗಿ 41, 42ಕ್ಕೆ ನಿಲ್ಲುತ್ತದೆ. ಬಿಸಿಲುಗಾಲದಲ್ಲಿ ಇದೇ ಲೆಕ್ಕ ನಡೆಯುವುದಿಲ್ಲ. ತೊಟ್ಟಿಯ ನೀರೇ 32 ಡಿಗ್ರಿ ಇದ್ದರೆ ಒಂದಕ್ಕೆ ಮೂರು ಬೆರೆಸಿದಾಗ 49 ಆಗುತ್ತದೆ, ಅದು ಜಾಸ್ತಿ. ಆಗ ಒಂದಕ್ಕೆ ಐದು ಪಾಲು ಹಾಕಿ, 43ಕ್ಕೆ ಬರುತ್ತದೆ. ಮೊದಲು ನೀರು ಬೆರೆಸಿ, ಕಲಕಿ, ಆಮೇಲೆ ಯೀಸ್ಟ್ ಹಾಕಬೇಕು. ಯೀಸ್ಟ್ ಇರುವ ಬಟ್ಟಲಿಗೆ ಕುದಿಯುವ ನೀರು ಸುರಿದು, ಮೇಲೆ ತಣ್ಣೀರು ಬೆರೆಸಿದರೆ ಅಷ್ಟರಲ್ಲೇ ಅದು ಬೆಂದಿರುತ್ತದೆ.

ಬೆರಳು ಅದ್ದಿ ನೋಡುವವರಿಗೆ ಒಂದು ಗುರುತು: 42 ಡಿಗ್ರಿ ನೀರು ಮೈಗಿಂತ ಬಿಸಿ, ಆದ್ದರಿಂದ ಬಿಸಿ ಅಂತ ಚೆನ್ನಾಗಿ ತಿಳಿಯುತ್ತದೆ. ಆದರೂ ಬೆರಳನ್ನು ಆರಾಮಾಗಿ ಒಳಗೇ ಇಟ್ಟುಕೊಳ್ಳಬಹುದು. ತಟ್ಟನೆ ತೆಗೆಯಬೇಕು ಅನ್ನಿಸಿದರೆ ಅದು ಜಾಸ್ತಿ. ಬೆಚ್ಚಗಿದೆಯೋ ಇಲ್ಲವೋ ಅಂತ ಅನುಮಾನ ಬಂದರೆ ಕಡಿಮೆ.

ಅರ್ಧ ಕಿಲೋ ಮೈದಾಕ್ಕೆ ನಾನು 7 ಗ್ರಾಂ ಯೀಸ್ಟ್ ತೆಗೆದುಕೊಳ್ಳುತ್ತೇನೆ, ಅಂದರೆ ಎರಡೂ ಕಾಲು ಟೀ ಚಮಚ. ಅದಕ್ಕೆ 100 ಮಿಲಿ ನೀರು, ಅರ್ಧ ಟೀ ಚಮಚ ಸಕ್ಕರೆ. ಯೀಸ್ಟನ್ನು ಒಂದೇ ಕಡೆ ಗುಡ್ಡೆ ಹಾಕದೆ ನೀರಿನ ಮೇಲೆಲ್ಲ ಉದುರಿಸುತ್ತೇನೆ. ಒಂದೆರಡು ನಿಮಿಷ ಮುಟ್ಟುವುದಿಲ್ಲ, ಆಮೇಲೆ ಮೆಲ್ಲಗೆ ಕಲಕುತ್ತೇನೆ. ಉಪ್ಪು ಈ ಬಟ್ಟಲಿಗೆ ಬೇಡವೇ ಬೇಡ, ಅದು ಹಿಟ್ಟಿಗೆ ಹೋಗಬೇಕು. ಸಕ್ಕರೆಯೂ ಅಷ್ಟೇ ಸಾಕು. ಬೇಗ ನೊರೆ ಬರಲಿ ಅಂತ ಜಾಸ್ತಿ ಸುರಿದರೆ ಸಕ್ಕರೆಯೇ ಯೀಸ್ಟಿನಿಂದ ನೀರು ಎಳೆದುಕೊಳ್ಳುತ್ತದೆ, ಅದು ಇನ್ನೂ ನಿಧಾನವಾಗುತ್ತದೆ.

ಐದು ನಿಮಿಷಕ್ಕೆ ತಳದಿಂದ ಕಂದು ಬಣ್ಣದ ಮೋಡದ ಹಾಗೆ ಎದ್ದು ಮೇಲೆ ಬರುತ್ತದೆ. ಹತ್ತು ನಿಮಿಷ ಆಗುವಷ್ಟರಲ್ಲಿ ಮೇಲೆ ಕೆನೆಯ ಬಣ್ಣದ ದಪ್ಪ ನೊರೆ ಕಟ್ಟಿರುತ್ತದೆ, ಒಂದೊಂದು ಗುಳ್ಳೆ ಒಡೆಯುವುದು ಕಾಣುತ್ತದೆ, ಹುಳಿ ಹಿಟ್ಟಿನ ವಾಸನೆ ಬರುತ್ತದೆ. ಅಲ್ಲಲ್ಲಿ ನಾಲ್ಕು ಗುಳ್ಳೆ ತೇಲುತ್ತಿದ್ದರೆ ಅದು ನೊರೆ ಅಲ್ಲ. ಕಲಕುವಾಗ ಸೇರಿದ ಗಾಳಿ ಅದು. ನೊರೆ ಬಟ್ಟಲಿನ ಬಾಯಿಯಷ್ಟೂ ಮುಚ್ಚಿರಬೇಕು.

ಹತ್ತು ನಿಮಿಷ ಆದರೂ ಯೀಸ್ಟ್ ಕೆಸರಿನ ಹಾಗೆ ತಳದಲ್ಲೇ ಕೂತಿದ್ದರೆ ಆ ಬಟ್ಟಲನ್ನು ಹಿಟ್ಟಿಗೆ ಸುರಿಯಬೇಡಿ. ಅದೇ ಪ್ಯಾಕೆಟ್‌ನಿಂದ ಒಂದು ಚಮಚ ತೆಗೆದು, ಈ ಸಲ ಅಳೆದು ಮಾಡಿದ ನೀರಿನಲ್ಲಿ ನೆನೆಸಿ. ಬೇರೇನನ್ನೂ ಬದಲಾಯಿಸಬೇಡಿ. ಈಗ ನೊರೆ ಬಂದರೆ ತಪ್ಪು ನೀರಿನದ್ದು. ಈಗಲೂ ಬರದಿದ್ದರೆ ಯೀಸ್ಟ್ ಹೋಗಿದೆ, ಪ್ಯಾಕೆಟ್ ಬಿಸಾಡಿ. ಹತ್ತು ನಿಮಿಷದ ಕೆಲಸ ಇದು, ಅರ್ಧ ಕಿಲೋ ಹಿಟ್ಟು ಉಳಿಯುತ್ತದೆ.

ಇನ್ನು ನೊರೆ ಬಂದೂ ಹಿಟ್ಟು ಉಬ್ಬದ ವಿಷಯ. ತಂಗಿಯ ಮಗಳು ಒಂದು ದಿನ ಫೋನ್ ಮಾಡಿದಳು. "ದೊಡ್ಡಮ್ಮ, ನೊರೆ ಚೆನ್ನಾಗೇ ಬಂದಿತ್ತು. ಹಿಟ್ಟು ಕಲಸಿಟ್ಟು ಒಂದು ಗಂಟೆ ಆಯ್ತು, ಅಲ್ಲಾಡಿಲ್ಲ."

"ಹಿಟ್ಟು ಕೈಗೆ ಹೇಗಿದೆ? ಮುಟ್ಟಿ ಹೇಳು."

"ತಣ್ಣಗಿದೆ."

ಕೇಳುತ್ತಾ ಹೋದಾಗ ತಿಳಿಯಿತು: 100 ಮಿಲಿ ನೀರಿನಲ್ಲಿ ಯೀಸ್ಟ್ ನೆನೆಸಿದ್ದಳು, ಉಳಿದ 200 ಮಿಲಿಗೆ ಫ್ರಿಜ್‌ನಿಂದ ಆಗಷ್ಟೇ ತೆಗೆದ ಹಾಲು ಹಾಕಿದ್ದಳು. ಲೆಕ್ಕ ಹಾಕಿ ನೋಡಿ. ಯೀಸ್ಟಿನ ನೀರು ಹತ್ತು ನಿಮಿಷದಲ್ಲಿ ಆರಿ 35ಕ್ಕೆ ಬಂದಿರುತ್ತದೆ. ಹಾಲು 5 ಡಿಗ್ರಿ. ಅಡುಗೆಮನೆಯಲ್ಲಿದ್ದ ಮೈದಾ ಸುಮಾರು 22. ಎಲ್ಲ ಸೇರಿದರೆ ಹಿಟ್ಟು 18 ಡಿಗ್ರಿ ಹತ್ತಿರ ನಿಲ್ಲುತ್ತದೆ. ಬ್ರೆಡ್ ಹಿಟ್ಟು ಒಂದು ಒಂದೂವರೆ ಗಂಟೆಯಲ್ಲಿ ದುಪ್ಪಟ್ಟಾಗಬೇಕಾದರೆ ಅದು 25, 27 ಡಿಗ್ರಿ ಇರಬೇಕು. 18ರಲ್ಲಿ ಯೀಸ್ಟ್ ಸತ್ತಿಲ್ಲ, ಕೆಲಸ ನಿಧಾನ ಮಾಡಿದೆ ಅಷ್ಟೇ. ಅದೇ ಹಾಲನ್ನು 30 ಡಿಗ್ರಿಗೆ ಬೆಚ್ಚಗೆ ಮಾಡಿ ಹಾಕಿದ್ದರೆ ಹಿಟ್ಟು 27, 28ಕ್ಕೆ ಬರುತ್ತಿತ್ತು.

ಹಿಟ್ಟು ಎಸೆಯಬೇಡ ಅಂದೆ. ಒಲೆ ಹಚ್ಚದ ಓವನ್ ಒಳಗೆ ಹಿಟ್ಟಿನ ಪಾತ್ರೆ ಇಟ್ಟು, ಪಕ್ಕದಲ್ಲಿ ಒಂದು ಪಾತ್ರೆ ಬಿಸಿನೀರು ಇಟ್ಟು ಬಾಗಿಲು ಮುಚ್ಚಲು ಹೇಳಿದೆ. ಹಿಟ್ಟಿನ ನಡುವಿನವರೆಗೂ ಬಿಸಿ ಹೋಗುವುದು ನಿಧಾನ, ಆದ್ದರಿಂದ ಗಡಿಯಾರ ನೋಡಬೇಡ, ಹಿಟ್ಟು ನೋಡು ಅಂದೆ. ಸಂಜೆ ಹೊತ್ತಿಗೆ ಫೋಟೋ ಕಳಿಸಿದಳು. ಹಿಟ್ಟು ಪಾತ್ರೆಯ ಅಂಚಿಗೆ ಬಂದಿತ್ತು.

ಹಿಟ್ಟು ದುಪ್ಪಟ್ಟಾಯಿತಾ ಅಂತ ಗುಂಡನೆಯ ಪಾತ್ರೆಯಲ್ಲಿ ಕಣ್ಣಳತೆಯಿಂದ ಹೇಳುವುದು ಕಷ್ಟ. ನಾನು ನಾದಿದ ಕೂಡಲೇ ನಿಂಬೆಹಣ್ಣಿನಷ್ಟು ಹಿಟ್ಟು ಕಿತ್ತು, ನೇರ ಗೋಡೆಯ ಗಾಜಿನ ಲೋಟದ ತಳಕ್ಕೆ ಒತ್ತಿ, ಅದರ ಮಟ್ಟಕ್ಕೆ ಒಂದು ಗೆರೆ ಎಳೆದು ಪಾತ್ರೆಯ ಪಕ್ಕದಲ್ಲೇ ಇಡುತ್ತೇನೆ. ಲೋಟದಲ್ಲಿ ಗೆರೆಯ ಎರಡರಷ್ಟು ಎತ್ತರಕ್ಕೆ ಬಂದಾಗ ಪಾತ್ರೆಯದ್ದೂ ಆಯಿತು ಅಂತ ಅರ್ಥ.

ನೊರೆಯೂ ಸರಿ, ಹಿಟ್ಟೂ ಬೆಚ್ಚಗಿದೆ, ಆದರೂ ಏಳುತ್ತಿಲ್ಲ ಅಂದರೆ ಉಪ್ಪು ನೋಡಿ. ಅರ್ಧ ಕಿಲೋ ಹಿಟ್ಟಿಗೆ 9, 10 ಗ್ರಾಂ ಸಾಕು. ಪುಡಿ ಉಪ್ಪನ್ನು ಚಮಚದಲ್ಲಿ ಗುಡ್ಡೆಯಾಗಿ ತೆಗೆದು ಎರಡು ಸಲ ಹಾಕಿದರೆ ಅದರ ಎರಡರಷ್ಟಾಗುವುದು ಕಷ್ಟವೇನಲ್ಲ. ಸಿಹಿ ಬನ್ನಿನ ಹಿಟ್ಟು ಹೇಗೂ ನಿಧಾನ, ಸಕ್ಕರೆ ಜಾಸ್ತಿ ಇರುವುದರಿಂದ ಅದಕ್ಕೆ ಸಮಯ ಕೊಡಬೇಕು. ಪೂರ್ತಿ ಗೋಧಿ ಹಿಟ್ಟಿನದ್ದು ಮೈದಾದಷ್ಟು ಎತ್ತರಕ್ಕೆ ಏಳುವುದಿಲ್ಲ, ಅದು ಯೀಸ್ಟಿನ ತಪ್ಪಲ್ಲ. ನಾದುವುದು ಸಾಲದಿದ್ದರೂ ಗಾಳಿ ಹುಟ್ಟುತ್ತದೆ, ಹಿಡಿದಿಡಲು ಹಿಟ್ಟಿಗೆ ಶಕ್ತಿ ಇರುವುದಿಲ್ಲ. ಒಂದು ತುಣುಕನ್ನು ಎರಡೂ ಕೈಯಿಂದ ಮೆಲ್ಲಗೆ ಹಿಗ್ಗಿಸಿದಾಗ ಹರಿಯದೆ, ಆಚೆಯ ಬೆಳಕು ಕಾಣುವಷ್ಟು ತೆಳುವಾದರೆ ನಾದಿದ್ದು ಸಾಕು.

ಪಾತ್ರೆಯಲ್ಲಿ ಉಬ್ಬಿ ಓವನ್‌ನಲ್ಲಿ ಕುಸಿಯುವುದು ಬೇರೆ ತಕರಾರು. ಅದು ಹೊತ್ತು ಮೀರಿದ ಹಿಟ್ಟು. ಟಿನ್‌ನಲ್ಲಿರುವ ಹಿಟ್ಟನ್ನು ಬೆರಳಿಂದ ಮೆಲ್ಲಗೆ ಒತ್ತಿ ನೋಡಿ. ಗುಳಿ ನಿಧಾನವಾಗಿ ಅರ್ಧ ತುಂಬಿದರೆ ಬೇಯಿಸಬಹುದು. ಗುಳಿ ಹಾಗೇ ಉಳಿದು ಸುತ್ತಲೂ ಕುಸಿದರೆ ಹೊತ್ತಾಯಿತು. ಆಗ ಗಾಳಿ ತೆಗೆದು ಮತ್ತೆ ಆಕಾರ ಕೊಟ್ಟು ಟಿನ್‌ಗೆ ಹಾಕಿ. ಎರಡನೇ ಸಲ ಬೇಗ ಏಳುತ್ತದೆ, ಅದಕ್ಕೇ ಪಕ್ಕದಲ್ಲೇ ಇರಿ.

ತೆರೆದ ಯೀಸ್ಟನ್ನು ನಾನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿ ಇಡುತ್ತೇನೆ, ತೆರೆದ ತಾರೀಖನ್ನು ಮುಚ್ಚಳದ ಮೇಲೆ ಬರೆಯುತ್ತೇನೆ. ಹೀಗಿಟ್ಟರೆ ನಾಲ್ಕು ತಿಂಗಳಾದರೂ ಚೆನ್ನಾಗಿರುತ್ತದೆ. ಅದಕ್ಕೆ ಆಗದಿರುವುದು ತೇವ. ಚಮಚ ಒದ್ದೆ ಇರಬಾರದು, ಕುದಿಯುವ ಪಾತ್ರೆಯ ಆವಿ ಬರುವ ಕಡೆ ಡಬ್ಬಿ ತೆರೆಯಬಾರದು.