ನನ್ನ ಅಫಿಡವಿಟ್ ವಾಪಸ್ ಬಂದಿದ್ದೇಕೆ

ಕಾನೂನು ಓದಿನ ಪ್ರಾಕ್ಟಿಕಲ್ ಪೇಪರ್‌ಗೆ ತಾತ್ಕಾಲಿಕ ತಡೆಯಾಜ್ಞೆ ಅರ್ಜಿ ಬರೆದಿದ್ದೆ. ಕೊಟ್ಟ ಪ್ರಕರಣ ಗಂಗಾವತಿ ಕಡೆಯ ಭತ್ತದ ಗದ್ದೆಯದು. ಪಕ್ಕದ ಹೊಲದವರು ಬದು ಒಡೆಯುತ್ತಿದ್ದಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆ, ಅಂದರೆ ಸಿಪಿಸಿಯ ಆದೇಶ 39, ನಿಯಮ 1 ಮತ್ತು 2ರ ಅರ್ಜಿ ಸರಿ ಇತ್ತು. ಅಫಿಡವಿಟ್ ಮಾತ್ರ ವಾಪಸ್ ಬಂತು.

ತಪ್ಪಿದ್ದದ್ದು ಸತ್ಯಾಪನೆಯಲ್ಲಿ, ಅಂದರೆ ಬರೆದದ್ದು ನಿಜ ಎಂದು ಕೊನೆಗೆ ದೃಢಪಡಿಸುವ ಭಾಗದಲ್ಲಿ. “ಮೇಲಿನದೆಲ್ಲ ನನ್ನ ತಿಳಿವಳಿಕೆ ಮತ್ತು ನಂಬಿಕೆಯಂತೆ ನಿಜ” ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೆ. ಆದರೆ 5ನೇ ಪ್ಯಾರಾದಲ್ಲಿ “ಪ್ರತಿವಾದಿ ಜೆಸಿಬಿ ತರಿಸುತ್ತಿದ್ದಾರೆ” ಎಂದಿತ್ತು. ವಾದಿ ಅದನ್ನು ಕಣ್ಣಾರೆ ಕಂಡಿಲ್ಲ, ಯಾರೋ ಹೇಳಿದ್ದು ಅಲ್ವಾ? ಆದೇಶ 19, ನಿಯಮ 3ರ ಪ್ರಕಾರ ಅಫಿಡವಿಟ್‌ನಲ್ಲಿ ಸ್ವಂತ ತಿಳಿವಳಿಕೆಯಿಂದ ಸಾಬೀತು ಮಾಡಬಲ್ಲ ಸಂಗತಿಯಷ್ಟೇ ಇರಬೇಕು. ತಾತ್ಕಾಲಿಕ ತಡೆಯಾಜ್ಞೆಯಂಥ ಮಧ್ಯಂತರ ಅರ್ಜಿಯಲ್ಲಿ ನಂಬಿಕೆಯ ಮಾತಿಗೂ ಜಾಗ ಉಂಟು. ಆದರೆ ನಂಬಲು ಆಧಾರ ಹೇಳಬೇಕು.

ಹಾಗಾಗಿ 5ನೇ ಪ್ಯಾರಾದಲ್ಲಿ ಯಾರು, ಯಾವ ದಿನ ಹೇಳಿದರು ಎಂದು ಸೇರಿಸಿದೆ. ಸತ್ಯಾಪನೆ ಹೀಗಾಯಿತು: “ಪ್ಯಾರಾ 1ರಿಂದ 4 ನನ್ನ ಸ್ವಂತ ತಿಳಿವಳಿಕೆಯಂತೆ ನಿಜ. ಪ್ಯಾರಾ 5 ಅದರಲ್ಲಿ ಹೆಸರಿಸಿದವರಿಂದ ಬಂದ ಮಾಹಿತಿ, ಪ್ಯಾರಾ 6 ವಕೀಲರ ಸಲಹೆ. ಇವೆರಡನ್ನೂ ನಿಜವೆಂದು ನಂಬಿದ್ದೇನೆ.” ಕೆಳಗೆ ಸ್ಥಳ, ದಿನಾಂಕ, ಸಹಿ.

ಪಹಣಿಯನ್ನು ಸುಮ್ನೆ ಹಿಂದೆ ಪಿನ್ ಮಾಡಿದ್ದೆ. ಈಗ ಸ್ವಾಧೀನದ ಮಾತು ಬರುವ 3ನೇ ಪ್ಯಾರಾದಲ್ಲೇ “ಪಹಣಿ ಪ್ರತಿ, ಅನುಬಂಧ-ಎ” ಎಂದು ಬರೆದೆ. ಪ್ರತಿಯ ಮೇಲೂ ಅದೇ ಗುರುತು ಹಾಕಿದೆ. ಆಗಲೇ ಕಣ್ಣಿಗೆ ಬಿತ್ತು, ಅಫಿಡವಿಟ್‌ನಲ್ಲಿ ಹಿಸ್ಸಾ ನಂಬರ್ ಬಿಟ್ಟುಹೋಗಿತ್ತು. ಅದನ್ನೂ ಸೇರಿಸಿ ಕೊಟ್ಟೆ.