ಮನೆಯವರಿಗೆ ಹೇಳದ ಗುಟ್ಟು, ರಾತ್ರಿ ಬಾರದ ನಿದ್ದೆ: ಏನು ಮಾಡಬೇಕು?

ಗೇ, ಲೆಸ್ಬಿಯನ್, ಬೈಸೆಕ್ಷುಯಲ್ ಹುಡುಗ ಹುಡುಗಿಯರು ನಿದ್ದೆ ಬರುತ್ತಿಲ್ಲ ಎಂದರೆ ಸಿಗುವ ಸಲಹೆ ಒಂದೇ: ಬಿಸಿ ಹಾಲು ಕುಡಿ, ಚಿಂತೆ ಬಿಡು. ಅದನ್ನು ಪಾಲಿಸಿ ಮತ್ತಷ್ಟು ಕಂಗಾಲಾದವರನ್ನು ಬಹಳ ನೋಡಿದ್ದೇನೆ. ಸಾಲ, ಕೆಲಸ, ಮನೆ ತಾಪತ್ರಯ ಎಲ್ಲರಿಗೂ ಇದ್ದದ್ದೇ. ಇವರಿಗೆ ಅದರ ಮೇಲೊಂದು ಹೊರೆ: ಅವಮಾನ, ಗೊತ್ತಾದರೆ ಏನಾದೀತೆಂಬ ಅಂಜಿಕೆ, ಮುಚ್ಚಿಡುವ ಶ್ರಮ, ತನ್ನ ಬಗ್ಗೆಯೇ ಹೇಸಿಕೆ. ಅಮೆರಿಕದ ಸಂಶೋಧಕ ಇಲಾನ್ ಮೇಯರ್ 2003ರಲ್ಲಿ ವಿವರಿಸಿದ ‘ಮೈನಾರಿಟಿ ಸ್ಟ್ರೆಸ್’ ಎಂದರೆ ಇದೇ. ಹಗಲೆಲ್ಲ ಕಾವಲು ಕಾಯ್ದ ಮನಸ್ಸು ದೀಪ ಆರಿಸಿದ ಕೂಡಲೇ ಕಾವಲು ಬಿಡುವುದಿಲ್ಲ.

ಬಾಗಲಕೋಟೆಯ ನವನಗರದ 26ರ ಯುವಕನೊಬ್ಬ ಎಂದಿಟ್ಟುಕೊಳ್ಳಿ. ಊಟಕ್ಕೆ ಕೂತಾಗ ಅವ್ವ, ‘ಈ ವರ್ಷರ ಕನ್ಯಾ ನೋಡೂಣೇನೋ ತಮ್ಮಾ?’ ಅನ್ನುತ್ತಾಳೆ. ಅವನು ನಕ್ಕು ಸುಮ್ಮನಾಗುತ್ತಾನೆ. ಹತ್ತಕ್ಕೆ ಪಡಸಾಲೆಯಲ್ಲಿ ತಮ್ಮನ ಪಕ್ಕ ಹಾಸಿಗೆ ಹಾಸಿ, ಮೊಬೈಲು ತಲೆದಿಂಬಿನ ಕೆಳಗಿಟ್ಟು ಮಲಗುತ್ತಾನೆ. ಅವ್ವನಿಗೆ ಸಂಶಯ ಬಂತೇ? ತಮ್ಮ ಮೆಸೇಜ್ ನೋಡಿದನೇ? ರಾತ್ರಿ ಒಂದಾಗುವವರೆಗೂ ಕಣ್ಣು ಹತ್ತುವುದಿಲ್ಲ.

ಮೊದಲು, ಒಂದು ವಾರ ಎಷ್ಟಕ್ಕೆ ಮಲಗಿದೆ, ಸುಮಾರು ಎಷ್ಟಕ್ಕೆ ನಿದ್ದೆ ಬಂತು, ಎಷ್ಟಕ್ಕೆ ಎದ್ದೆ ಎಂದು ಬರೆದಿಡಿ. ಏಳುವ ಸಮಯ ಭಾನುವಾರವೂ ಬದಲಾಗಬಾರದು.

ಎರಡನೆಯದು ಚಿಂತೆಗೆ ಹೊತ್ತು ಗೊತ್ತು ಮಾಡುವುದು. ಹೆಚ್ಚಿನವರು ಎಡವುವುದು ಇಲ್ಲೇ. ಮಲಗುವುದಕ್ಕೆ ಎರಡು ತಾಸು ಮೊದಲಾದರೂ, ರಾತ್ರಿ ಎಂಟಕ್ಕೆ ಎಂದಿಟ್ಟುಕೊಳ್ಳಿ, ಇಪ್ಪತ್ತು ನಿಮಿಷ ಚಿಂತೆಗಳನ್ನು ಬರೆಯಲು ಕೂಡಬೇಕು. ಹಾಸಿಗೆ ಮೇಲೆ ಖಂಡಿತ ಬೇಡ. ಮಾಳಿಗೆಯೋ ಓಣಿಯ ಕಟ್ಟೆಯೋ ಆದೀತು. ಮೊಬೈಲಲ್ಲಿ ಬರೆಯಬೇಡಿ, ಅದು ಇನ್ನೊಬ್ಬರ ಕೈಗೆ ಸಿಗುತ್ತದೆ. ಹಾಳೆಯಲ್ಲಿ ಬರೆದು ಕೊನೆಗೆ ಹರಿದು ನೀರಲ್ಲಿ ನೆನೆಸಿಬಿಡಿ. ಹೆಸರು ಹಾಕಬೇಡಿ.

ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ನಿಜವಾಗಿ ನಡೆದದ್ದು, ಬಲಕ್ಕೆ ನಮ್ಮ ಊಹೆ. ‘ಅವ್ವ ಮದುವೆ ಕೇಳಿದಳು’ ಎಡಕ್ಕೆ. ‘ಅವ್ವನಿಗೆ ಗೊತ್ತಾಗಿದೆ’ ಬಲಕ್ಕೆ. ಎಲ್ಲವನ್ನೂ ಬರೀ ಭ್ರಮೆ ಎಂದು ತಳ್ಳಿಹಾಕುವ ಸಲಹೆಗಾರರ ಮಾತು ಕೇಳಬೇಡಿ. ಮನೆಯಿಂದ ಹೊರಹಾಕುವ, ಹೊಡೆಯುವ ಭಯ ಕೆಲವರಿಗೆ ನಿಜವಾದದ್ದೇ. ಅದು ಎಡಕ್ಕೇ ಸೇರಬೇಕು, ಮತ್ತು ಅದರ ಎದುರು ಒಂದು ಕೆಲಸ ಬರೆಯಬೇಕು: ಮೊಬೈಲಿಗೆ ಲಾಕ್ ಹಾಕುವುದು, ದಾಖಲೆಗಳ ಪ್ರತಿಯನ್ನು ನಂಬಿದವರ ಹತ್ತಿರ ಇಡುವುದು. ಮದುವೆ ಪ್ರಶ್ನೆಗಾದರೆ ಒಂದೇ ಉತ್ತರ ಗಟ್ಟಿ ಮಾಡಿಟ್ಟುಕೊಳ್ಳಿ: ‘ಸದ್ಯ ಬ್ಯಾಡವ್ವಾ, ನನಗ ಬೇಕನಿಸಿದಾಗ ನಾನ ಹೇಳ್ತೀನಿ.’ ಪ್ರತಿ ಸಲ ಹೊಸ ಸುಳ್ಳು ಹುಡುಕುವುದರಿಂದಲೇ ತಲೆ ದಣಿಯುತ್ತದೆ. ಬಲಗಡೆಯ ಊಹೆಗಳಿಗೆ ಉತ್ತರ ಬೇಡ. ರಾತ್ರಿ ಅವು ಮತ್ತೆ ಬಂದರೆ ‘ನಾಳೆ ಎಂಟಕ್ಕೆ’ ಎಂದು ಮುಂದೂಡಿ. ಮೊದಮೊದಲು ಚಿಂತೆ ಹೆಚ್ಚಾದಂತೆ ಅನಿಸಬಹುದು. ಅಷ್ಟಕ್ಕೇ ಬಿಡಬೇಡಿ.

ಮೂರನೆಯದು, ನಿದ್ದೆ ಬಂದಾಗ ಮಾತ್ರ ಹಾಸಿಗೆಗೆ ಹೋಗುವುದು. ನಮ್ಮ ಯುವಕ ಒಂದಕ್ಕೆ ನಿದ್ದೆಹೋಗಿ ಆರೂವರೆಗೆ ಏಳುತ್ತಾನೆ, ಅಂದರೆ ನಿದ್ದೆ ಐದೂವರೆ ತಾಸು. ಹತ್ತಕ್ಕೆ ಮಲಗಿ ಮೂರು ತಾಸು ಹೊರಳಾಡುವ ಬದಲು ಹನ್ನೆರಡೂವರೆಗೆ ಮಲಗಲಿ. ಹಾಸಿಗೆಯಲ್ಲಿ ಕಳೆದ ಹೊತ್ತಿನ ಹೆಚ್ಚು ಭಾಗ ನಿದ್ದೆಯೇ ಆಗತೊಡಗಿದ ಮೇಲೆ ವಾರಕ್ಕೆ ಹದಿನೈದು ನಿಮಿಷದಂತೆ ಬೇಗ ಮಲಗುತ್ತ ಹೋಗಬಹುದು. ಸುಮಾರು ಇಪ್ಪತ್ತು ನಿಮಿಷ ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಲ್ಲಿ ಕೂಡಬೇಕು. ತುಂಬಿದ ಮನೆಯಲ್ಲಿ ಎದ್ದರೆ ಪ್ರಶ್ನೆ ಏಳುತ್ತದೆ ಎನ್ನುವವರು ಹಾಸಿಗೆಯಲ್ಲೇ ಗೋಡೆಗೆ ಒರಗಿ ಕೂತರೂ ಸರಿ. ಮೂರ್ಛೆ ರೋಗ, ಬೈಪೋಲಾರ್ ಕಾಯಿಲೆ ಇದ್ದವರು, ರಾತ್ರಿ ಗಾಡಿ ಓಡಿಸುವವರು ಮಲಗುವ ಹೊತ್ತನ್ನು ವೈದ್ಯರನ್ನು ಕೇಳದೆ ಕಡಿಮೆ ಮಾಡಬಾರದು.

ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಗುಳಿಗೆ ಬೇಡ. ಕುಡಿತವೂ ಬೇಡ: ಬೇಗ ನಿದ್ದೆ ಬರುತ್ತದೆ, ನಡುರಾತ್ರಿ ಒಡೆಯುತ್ತದೆ. ‘ಸಲಿಂಗ ಪ್ರೇಮ ವಾಸಿ ಮಾಡುತ್ತೇವೆ’ ಎನ್ನುವವರಿಂದ ದೂರವಿರಿ. ಇದು ಕಾಯಿಲೆಯಲ್ಲ, ವೈದ್ಯರು ಹಾಗೆ ಬದಲಿಸಲು ಹೊರಟರೆ ಅದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ವಾರದಲ್ಲಿ ಒಂದು ತಾಸಾದರೂ ನಾಲಿಗೆ ಕಾಯಬೇಕಿಲ್ಲದ ಜೊತೆ ಹುಡುಕಿಕೊಳ್ಳಿ, ಒಬ್ಬರಿದ್ದರೂ ಸಾಕು. ಎಲ್ಲರಿಗೂ ಹೇಳಲೇಬೇಕೆಂಬ ಕಡ್ಡಾಯವಿಲ್ಲ. ಆಪತ್ತಿರುವ ಮನೆಯಲ್ಲಿ ಮುಚ್ಚಿಡುವುದೇ ಜಾಣತನ.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳಿಂದ ನಿದ್ದೆ ಕೆಟ್ಟಿದ್ದರೆ ಮನೋವೈದ್ಯರನ್ನು ಕಾಣಿ. ಉತ್ತರ ಕರ್ನಾಟಕದವರು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೂ ಹೋಗಬಹುದು. ಸಾಯುವ ಯೋಚನೆ ಬಂದರೆ ಬೆಳಗಾಗಲೆಂದು ಕಾಯಬೇಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಮೊಬೈಲು ಮನೆಯವರು ನೋಡುತ್ತಾರೆಂದರೆ ಕರೆ ಮುಗಿದ ಮೇಲೆ ಆ ನಂಬರ್ ಅಳಿಸಿಬಿಡಿ.