ಎರಡು ಲೈನ್ ನಡುವಿನ ಒಂಬತ್ತು ರನ್

ಶಿರಸಿಯಲ್ಲಿ ಅಡಿಕೆ ವ್ಯಾಪಾರ ಮಾಡುವ ನನ್ನ ಭಾವ ಕೇಳಿದ್ದು ಒಂದೇ ಪ್ರಶ್ನೆ: "ಎರಡೂ ಬದಿಗೆ ದುಡ್ಡು ಹಾಕಿದ್ರೆ ಲಾಭ ಎಲ್ಲಿಂದ ಬತ್ತು ಭಾವಾ?" ಕಾರವಾರದ ಗೆಳೆಯರೂ ನಂಬಲಿಲ್ಲ. ಇಂಗ್ಲೆಂಡಿನಲ್ಲಿ ಕೆಲಸಕ್ಕಿದ್ದಾಗ, ಅಲ್ಲಿ ಕಾನೂನುಬದ್ಧವಾದ ಬುಕ್‌ಮೇಕರ್‌ಗಳ ಬಳಿ ಮಾಡಿದ್ದಿದು. ಸ್ಕೋರ್ ಎಷ್ಟಾಗಬಹುದೆಂದು ಬುಕ್‌ಮೇಕರ್ ಇಡುವ ಅಂಕಿಯೇ ಲೈನ್. ಒಂದೇ ಪಂದ್ಯಕ್ಕೆ ಇಬ್ಬರ ಲೈನ್ ಬೇರೆ ಬೇರೆ ಇದ್ದಾಗ ಎರಡು ಬದಿಗೂ ಬೆಟ್ ಕಟ್ಟುತ್ತಿದ್ದೆ. ಸ್ಕೋರ್ ಆ ಎರಡರ ಮಧ್ಯಕ್ಕೆ ಬಿದ್ದರೆ ಎರಡೂ ಬೆಟ್ ಗೆಲ್ಲುತ್ತವೆ, ಅದೇ ಮಿಡ್ಲ್. ನಮ್ಮಲ್ಲಿ 2025ರ ಕಾಯ್ದೆ ಬಂದ ಮೇಲೆ ಆನ್‌ಲೈನ್‌ನಲ್ಲಿ ಹಣ ಕಟ್ಟುವ ಆಟಕ್ಕೇ ನಿಷೇಧ.

ಮೊದಲು ಸಿಕ್ಕಿದ ಮಿಡ್ಲ್ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಟಿ20 ಪಂದ್ಯದ ಮೊದಲ ಇನಿಂಗ್ಸ್. ಒಬ್ಬನ ಲೈನ್ 158.5, ಇನ್ನೊಬ್ಬನದು 165.5, ಇಬ್ಬರ ದರವೂ 5/6, ಅಂದರೆ 6 ಕಟ್ಟಿ ಗೆದ್ದರೆ 5 ಲಾಭ. ಕಡಿಮೆ ಲೈನಿಗೆ ಓವರ್, ಅಂದರೆ ಅದಕ್ಕಿಂತ ಹೆಚ್ಚು ರನ್ ಎಂದು, ಹೆಚ್ಚಿನದಕ್ಕೆ ಅಂಡರ್, ಅಂದರೆ ಅದಕ್ಕಿಂತ ಕಡಿಮೆ ಎಂದು, ತಲಾ 60 ಪೌಂಡ್. ಕೊನೆಯ ಎಸೆತಕ್ಕೆ ಮುಂಚೆ ಸ್ಕೋರ್ 157. ಚೆಂಡು ಕವರ್ ಬೌಂಡರಿ ದಾಟಿತು, 161. ಎರಡೂ ಗೆದ್ದು 100 ಪೌಂಡ್ ಬಂತು.

ಅದಕ್ಕೂ ಮೊದಲು ಸಾಲಾಗಿ ಹದಿನಾಲ್ಕು ತಪ್ಪಿದ್ದವು. ತಪ್ಪಿದಾಗ ಒಂದು ಬದಿ 50 ಕೊಡುತ್ತದೆ, ಇನ್ನೊಂದು 60 ನುಂಗುತ್ತದೆ, ಪ್ರತಿ ಸಲ 10 ಪೌಂಡ್ ಕೈಬಿಡುತ್ತದೆ. ಅಂದರೆ ಹನ್ನೊಂದರಲ್ಲಿ ಒಂದು ಸಿಕ್ಕರೆ ಸರಿಸಮ. ದರ 10/11 ಇದ್ದರೆ ಇಪ್ಪತ್ತೊಂದರಲ್ಲಿ ಒಂದು ಸಾಕು. ದರದಲ್ಲಿ ಅಷ್ಟೇ ಅಷ್ಟು ವ್ಯತ್ಯಾಸ, ಪರಿಣಾಮ ಮಾತ್ರ ದುಪ್ಪಟ್ಟು. ನಾನು ದರ ನೋಡದೆ ಬರೀ ಅಂತರ ನೋಡುತ್ತಿದ್ದೆ.

ಇಪ್ಪತ್ತು ಓವರಿನ ಸ್ಕೋರು ಲೈನಿನ ಆಚೀಚೆ ಮೂವತ್ತು ರನ್ ಸುಲಭವಾಗಿ ಹರಡುತ್ತದೆ. ಅಲ್ಲಿ ಏಳು ರನ್ನಿನ ಕಿಂಡಿಗೆ ಸಾಧ್ಯತೆ ಶೇ. 9ರ ಆಸುಪಾಸು. 5/6 ದರಕ್ಕೆ ಬೇಕಾದದ್ದೂ ಅಷ್ಟೇ. ಹಾಗಾಗಿ ಒಂಬತ್ತು ರನ್ನಿಗಿಂತ ಕಡಿಮೆ ಇದ್ದರೆ ಮುಟ್ಟುವುದನ್ನೇ ಬಿಟ್ಟೆ. ಮೊದಲ ಆರು ಓವರಿನ ಲೈನಿನಲ್ಲಿ ಹರವು ಚಿಕ್ಕದು, ಅಲ್ಲಿ ನಾಲ್ಕು ರನ್ನಿನ ಕಿಂಡಿಯೂ ಒಳ್ಳೆಯದೇ.

ಫುಟ್‌ಬಾಲ್‌ನಲ್ಲೂ ಕೈ ಆಡಿಸಿದೆ: ಓವರ್ 2.5, ಅಂಡರ್ 3.5. ಸರಿಯಾಗಿ ಮೂರು ಗೋಲು ಬೀಳುವುದು ಐದರಲ್ಲಿ ಒಂದು ಸಲಕ್ಕಿಂತ ತುಸು ಹೆಚ್ಚು, ಅಲ್ಲಿ ಸಿಗುತ್ತಿದ್ದ ದರಗಳಿಗೆ ಸರಿಸಮವಾಗಲು ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಬೇಕು. ವಾರದಲ್ಲೇ ನಿಲ್ಲಿಸಿದೆ.

ಅತಿ ದುಬಾರಿಯಾಗಿದ್ದು ಮಳೆ. ಓವರ್ ಕಡಿತವಾದ ಒಂದು ಪಂದ್ಯದಲ್ಲಿ ಅಂಡರ್ ಕೊಟ್ಟವನು ಬೆಟ್ ರದ್ದು ಮಾಡಿ ಹಣ ಮರಳಿಸಿದ, ಓವರ್ ಕೊಟ್ಟವನ ನಿಯಮದಲ್ಲಿ ಬೆಟ್ ಹಾಗೇ ಉಳಿಯಿತು. 60 ಪೌಂಡ್ ಪೂರ್ತಿ ಹೋಯಿತು. ಆಮೇಲೆ ಇಬ್ಬರ ಮಳೆ ನಿಯಮ ಓದದೆ ಹಾಕಲಿಲ್ಲ. ಇನ್ನೊಂದು, ಎಲ್ಲರಿಗಿಂತ ಬೇರೆಯಾಗಿ ನಿಂತ ಲೈನನ್ನೇ ಮೊದಲು ಹಿಡಿಯಬೇಕು, ಬೇಗ ಬದಲಾಗಿ ಹೋಗುವುದು ಅದೇ. ಯಾವ ಹೊತ್ತಿಗೆ ಅಂಥ ಲೈನ್ ಕಾಣುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಆ ಬೇಸಿಗೆಯಲ್ಲಿ ಸುಮಾರು 80 ಜೋಡಿ ಹಾಕಿದೆ, 11 ಮಧ್ಯಕ್ಕೆ ಬಿದ್ದವು. ಎಲ್ಲ ಕಳೆದು 300 ಪೌಂಡ್ ಚಿಲ್ಲರೆ ಉಳಿಯಿತು. ಲೆಕ್ಕದ ಪುಸ್ತಕ ನೋಡಿದ ಭಾವ ತಪ್ಪಿದ 69 ಸಾಲುಗಳನ್ನೂ ಬೆರಳಿಟ್ಟು ಕೂಡಿಸಿ, ಒಪ್ಪಿದ. ಮರುವರ್ಷ ಆ ಇಬ್ಬರು ಬುಕ್‌ಮೇಕರ್‌ಗಳಲ್ಲೊಬ್ಬ ನಾನು ಕಟ್ಟಬಹುದಾದ ಬೆಟ್ಟಿನ ಮಿತಿಯನ್ನು 4 ಪೌಂಡಿಗೆ ಇಳಿಸಿದ, ಅವರಿಬ್ಬರ ಜೋಡಿ ಅಲ್ಲಿಗೆ ಮುಗಿಯಿತು.